ಪೂಲಿನ ಕೆಳಗಿನ ದಾರಿ

ಇಚಲಕರಂಜಿಯಲ್ಲಿ ವಿದ್ಯುತ್ ಮಗ್ಗ ಕೆಟ್ಟು ನಿಂತರೆ ಮಾಲೀಕರು ಮೊದಲು ದೇವರನ್ನು ನೆನೆಯುತ್ತಿರಲಿಲ್ಲ, ಮಲ್ಲಾರಿಯನ್ನು ನೆನೆಯುತ್ತಿದ್ದರು. ಮಲ್ಲಾರಿ ಜಾಬರ್. ಮಗ್ಗ ನೇಯುವವನಲ್ಲ, ಮಗ್ಗದ ರೋಗ ಹಿಡಿಯುವವನು. ಪಾನಾ, ಸುತ್ತಿಗೆ, ಎಣ್ಣೆಡಬ್ಬಿ ತುಂಬಿದ ಚೀಲವನ್ನು ರಾಜದೂತ ಮೋಟಾರ್ ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಕೊರೋಚಿಗೆ ಬೆಳಿಗ್ಗೆ, ಕಾಗಲಕ್ಕೆ ಮಧ್ಯಾಹ್ನ ಅಂತ ತಿರುಗುತ್ತಿದ್ದ. ಬಸ್ಸು ಹತ್ತಿದರೆ ಅವನಿಗೆ ವಾಂತಿ. ಎಂಟು ಮೈಲಿ ಹೋಗುವುದರೊಳಗೆ ಕಿಟಕಿಯ ಹೊರಗೆ ತಲೆ ಹಾಕುವ ಗಂಡಸನ್ನು ಕಂಡು ಊರವರು ನಕ್ಕದ್ದು ಕಡಿಮೆಯಲ್ಲ. ಆದ್ದರಿಂದ ಎಲ್ಲಿಗೆ ಹೋಗುವುದಿದ್ದರೂ ಅವನಿಗೆ ಆ ಗಾಡಿಯೇ ಗತಿ.

ಗಾಡಿ ಓಡಿಸುವುದರಲ್ಲಿ ಅವನದೊಂದು ವಿಚಿತ್ರ ನೇಮವಿತ್ತು. 'ಬಂದ್' ಎಂದು ಹಲಗೆ ಇದ್ದ ಕಡೆ ಅವನು ಗಾಡಿ ಹಾಕುತ್ತಿರಲಿಲ್ಲ. ರಸ್ತೆ ರಿಪೇರಿ ಮುಗಿದು ನಾಲ್ಕು ದಿನವಾಗಿ, ಹಲಗೆ ತೆಗೆಯಲು ಮರೆತು ಹೋಗಿದ್ದರೂ, ಎತ್ತಿನ ಗಾಡಿಯವರೇ ಅದರ ಪಕ್ಕದಲ್ಲಿ ನುಸುಳಿ ಹೋಗುತ್ತಿದ್ದರೂ, ಮಲ್ಲಾರಿ ಮಾತ್ರ ಗಾಡಿ ಹೊರಳಿಸಿ ಮೂರು ಮೈಲಿ ಸುತ್ತು ಹಾಕಿ ಬರುತ್ತಿದ್ದ. "ಪೊಲೀಸರಿಗೆ ಹೆದರ್ತಾನ" ಎಂದು ಜನ ಆಡಿಕೊಂಡರು. ಹೆದರುವ ಪೈಕಿ ಅವನಲ್ಲ. ಆ ನೇಮದ ಹಿಂದೆ ಅವನ ತಂಗಿ ನಾಗೂಬಾಯಿಯ ಎಡಗಾಲಿತ್ತು.

ಎಪ್ಪತ್ಮೂರರ ಶ್ರಾವಣ. ನಾಗೂಬಾಯಿಗೆ ಇನ್ನೂ ಮದುವೆಯಾಗಿರಲಿಲ್ಲ, ದಾನೋಳಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದಳು. ನಾಗರ ಪಂಚಮಿಗೆ ತಂಗಿಯನ್ನು ಕರೆತರಲು ಮಲ್ಲಾರಿ ಹೋಗಿದ್ದ. ಗಾಡಿ ಹೊಸದು, ವಯಸ್ಸು ಇಪ್ಪತ್ತಮೂರು, ಮೈಯಲ್ಲಿ ಸೊಕ್ಕು. ಬರುವಾಗ ಹೊಳೆಯ ಸಣ್ಣ ಸೇತುವೆ, ಆ ಕಡೆಯವರ ಬಾಯಲ್ಲಿ ಪೂಲು, ಅದರ ಮೇಲೆ ನೀರು ಹರಿಯುತ್ತಿತ್ತು. ಅಡ್ಡಕ್ಕೆ ಡಾಂಬರಿನ ಡಬ್ಬಿ, ಅದರ ಮೇಲೆ ಕೆಂಪು ಬಟ್ಟೆ, 'ಬಂದ್' ಎಂದು ಸುಣ್ಣದಲ್ಲಿ ಬರೆದ ಹಲಗೆ. "ಅಣ್ಣಾ, ಬ್ಯಾಡೋ" ಎಂದಳು ನಾಗೂ. "ಮೊಳಕಾಲುದ್ದ ನೀರಿಗೆ ಹೆದರ್ತಿ ಏನ" ಎಂದು ಇವನು ಡಬ್ಬಿಯ ಪಕ್ಕದಿಂದ ಗಾಡಿ ನುಗ್ಗಿಸಿದ. ನಡುವೆ ಪೂಲಿನ ಒಂದು ಕಲ್ಲು ಕಿತ್ತುಹೋಗಿತ್ತು. ಮುಂದಿನ ಗಾಲಿ ಅದರಲ್ಲಿ ಇಳಿಯಿತು. ಗಾಡಿ ತಂಗಿಯ ಕಾಲ ಮೇಲೆ ಬಿತ್ತು. ಇಬ್ಬರೂ ಬದುಕಿದ್ದು ಆಚೆ ದಡದಲ್ಲಿ ನಿಂತಿದ್ದ ಕುರಿಗಾಹಿಗಳು ಹಗ್ಗ ಎಸೆದದ್ದರಿಂದ.

ಕಾಲು ಕೂಡಿತು, ನೆಟ್ಟಗೆ ಕೂಡಲಿಲ್ಲ. ಆಸ್ಪತ್ರೆಯ ಮಂಚದ ಮೇಲೆ ಮಲಗಿದ್ದ ನಾಗೂ ಅಣ್ಣನ ಕೈ ಎಳೆದು ತನ್ನ ನೆತ್ತಿಯ ಮೇಲೆ ಇಟ್ಟುಕೊಂಡಳು.

"ಬಂದ್ ಅಂತ ಹಲಗಿ ಇದ್ದಲ್ಲಿ ಇನ್ನ ಮ್ಯಾಲೆ ಗಾಡಿ ಹಾಕೂದಿಲ್ಲ ಅನ್ನು."

"ಹಾಕೂದಿಲ್ಲ."

"ನನ್ನ ತಲಿ ಮ್ಯಾಲೆ ಕೈ ಐತಿ, ನೆನಪಿರಲಿ."

ಅವಳು ಒಮ್ಮೆಯೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಕುಂಟುವ ಹುಡುಗಿಗೆ ಗಂಡು ಸಿಗುವುದು ತಡವಾಯಿತು. ಗಡಹಿಂಗ್ಲಜ ಸುತ್ತಿನ ಹಳ್ಳಿಗಳಲ್ಲಿ ಕುರಿ ಕಾಯುವ ಅವರ ಜನದ ಮನೆಗಳಲ್ಲಿ ಹೆಣ್ಣಿನ ಕಾಲು ನೋಡದೆ ಯಾರು ತಾನೇ ಒಪ್ಪುತ್ತಾರೆ, ಬೆಟ್ಟ ಹತ್ತಬೇಕು, ಮಂದೆಯ ಹಿಂದೆ ನಡೆಯಬೇಕು. ಕೊನೆಗೆ ಮುಂಬಯಿಯ ಕಾರ್ಖಾನೆಯೊಂದರಲ್ಲಿ ವಾಚಮನ್ ಆಗಿದ್ದ ಜೋತಿಬಾ ಒಪ್ಪಿದ. ಒಳ್ಳೆಯ ಮನುಷ್ಯ, ಮಾತು ಕಡಿಮೆ. ಮುಂಬಯಿಯ ಅಂಚಿನಲ್ಲಿ, ರೈಲು ಹಳಿಯ ಆಚೆ, ಖಡಕವಾಡಿ ಎಂಬ ಚಾಳಿನಲ್ಲಿ ಒಂದು ಖೋಲಿ ಮಾಡಿಕೊಂಡಿದ್ದ. ನಾಗೂ ಅಲ್ಲಿಗೆ ಹೋದಳು.

ಪಂಚಮಿಗೆ ಅಣ್ಣ ಬಂದು ಕರೆದೊಯ್ಯುವುದು ಎಲ್ಲ ಹೆಣ್ಣುಮಕ್ಕಳ ಆಸೆ. ನಾಗೂ ಮಾತ್ರ ಪ್ರತಿವರ್ಷ ತಾನೇ ರೈಲು ಹತ್ತಿ ಬರುತ್ತಿದ್ದಳು. ಚಾಳಿನ ಹೆಂಗಸರ ಮನೆಗಳಿಗೆಲ್ಲ ಅಣ್ಣಂದಿರು ಬಂದರೆ ತನ್ನ ಬಾಗಿಲಿಗೆ ಯಾರೂ ಬರುವುದಿಲ್ಲ ಎಂದು ಎಂಬತ್ಮೂರರಲ್ಲಿ ಕಾಗದ ಬರೆದಳು. ಅವಳ ಕಾಗದ ಮಲ್ಲಾರಿಗೆ ಓದಲು ಬರುತ್ತಿರಲಿಲ್ಲ. ಅವನು ಊರಿನ ಮರಾಠಿ ಶಾಲೆಯಲ್ಲಿ ಏಳನೆಯವರೆಗೆ ಕಲಿತವನು. ಅವಳು ಗಡಿಯಾಚೆ ಸೋದರಮಾವನ ಮನೆಯಲ್ಲಿದ್ದು ಕನ್ನಡ ಶಾಲೆಗೆ ಹೋದವಳು. ಮನೆಯಲ್ಲಿ ಇಬ್ಬರದೂ ಒಂದೇ ಮಾತು, ಅಕ್ಷರ ಮಾತ್ರ ಬೇರೆ. ಹೀಗಾಗಿ ಅವಳ ಕಾಗದ ಬಂದಾಗಲೆಲ್ಲ ಅವನು ಬಸವಣ್ಣೆಪ್ಪನ ಕಿರಾಣಿ ಅಂಗಡಿಗೆ ಹೋಗುತ್ತಿದ್ದ.

ಬಸವಣ್ಣೆಪ್ಪ ಬೆಲ್ಲ ತೂಗುತ್ತಲೇ ಓದಿದ. ಎರಡು ಹಾಳೆ ಮುಗಿದವು. ಮೂರನೆಯದನ್ನು ತಿರುಗಿಸಿ ನೋಡಿ ಮಡಚಿದ.

"ಇದರಾಗ ಬರೇ ದಾರಿ ಬರದಾಳೊ ಮಲ್ಲಾರಿ. ಎಲ್ಲಿ ಹೊಳ್ಳಬೇಕು, ಎಲ್ಲಿ ಹೊಳ್ಳಬಾರದು, ಅದಽ ಐತಿ. ಹೋಗೂವಾಗ ತೊಗೊಂಡ ಬಾ, ಓದಿ ಹೇಳ್ತೇನಿ."

"ಹೌದ್ರಿ ಸಾವಕಾರ್ರ. ಈ ವರ್ಷ ಸೀಜನ್ ಮುಗೀಲಿ, ಹೋಗಾವನಽ."

ಆ ಸೀಜನ್ ಮುಗಿಯಿತು, ಇನ್ನೊಂದು ಬಂತು. ಮಗ್ಗಗಳು ಕೆಡುವುದು ನಿಲ್ಲಿಸಲಿಲ್ಲ. ಕಾಗದ ಮನೆಯ ಟ್ರಂಕಿನಲ್ಲಿ ಮೂರು ವರ್ಷ ಮಲಗಿತು.

ಎಂಬತ್ತಾರರ ಶ್ರಾವಣ, ಪಂಚಮಿಗೆ ಇನ್ನು ನಾಲ್ಕು ದಿನ. ಬೆಳಗಿನ ಐದೂವರೆಗೆ ನೂಲಿಗೆ ಗಂಜಿ ಹಾಕುವ ಸೈಝಿಂಗ್ ಕಾರ್ಖಾನೆಯ ವಾಚಮನ್ ಅಲ್ಲಪ್ಪ ಓಡುತ್ತ ಬಂದು ಬಾಗಿಲು ಬಡಿದ. ಕಾರ್ಖಾನೆಯ ಫೋನಿಗೆ ಮುಂಬಯಿಯಿಂದ ಟ್ರಂಕ್‌ಕಾಲ್. ಮಲ್ಲಾರಿ ಹೋಗಿ ರಿಸೀವರ್ ಹಿಡಿದಾಗ ಆ ಕಡೆ ಜೋತಿಬಾ ಅಳುತ್ತಿದ್ದ. ನಾಗೂಗೆ ಎಂಟು ದಿನದ ಕಾಮಾಲೆ. ಪಂಚಮಿಗೆ ಊರಿಗೆ ಹೋದರೆ ಸರಿಹೋಗುತ್ತೇನೆ ಎಂದು ಅವಳೇ ತಾರು ಮಾಡಗೊಟ್ಟಿರಲಿಲ್ಲ. ನಸುಕಿನ ನಾಲ್ಕಕ್ಕೆ ತೀರಿಕೊಂಡಳು.

"ಮಾವಾ, ತವರಿನ ಸೀರಿ ಬೇಕು. ನೀವು ಬರೂತನಕ ಇಡ್ತೇವಿ. ಖರೆ ದೀಪಾ ಹಚ್ಚೂದ್ರೊಳಗ ಎತ್ತಬೇಕು ಅಂತಾರ ಹಿರ್ಯಾರು. ಆರೂವರಿತನಕ ನೋಡ್ತೇವಿ."

"ಬರ್ತೇನಿ ದಾಜಿ. ದಾರಿ ಹೇಳು." ತಂಗಿಯ ಗಂಡನನ್ನು ಮಲ್ಲಾರಿ ದಾಜಿ ಎನ್ನುತ್ತಿದ್ದ.

"ಸಮುದ್ರದ ಖಾಡಿ ಮ್ಯಾಲಿನ ಪೂಲ ದಾಟಿ ಸರಳ ಬರ್ರಿ. ಮುಂದ ರೈಲ್ವೆ ಮ್ಯಾಲೆ ದೊಡ್ಡ ಪೂಲ ಕಟ್ಯಾರ, ಅದನ್ನ ಹತ್ತಿ ಇಳೀರಿ. ಇಳದ ಮ್ಯಾಲೆ ಮೊದಲನೇ ಎಡಕ. ನೀರಿನ ಟಾಕಿ ಕಾಣ್ತೈತಿ."

ಮೂರು ನಿಮಿಷ ಮುಗಿದು ಫೋನು ಸತ್ತಿತು. ಪಾಪ, ಜೋತಿಬಾ ಹೇಳಿದ್ದು ಬಸ್ಸಿನ ದಾರಿ. ಅವನು ಗಾಡಿಯ ಮೇಲೆ ಕೂತವನೇ ಅಲ್ಲ.

ಮುತ್ತೈದೆಯಾಗಿ ಸತ್ತವಳಿಗೆ ತವರಿನ ಹಸಿರು ಸೀರೆ ಹೊದಿಸದೆ ಕಳಿಸಿದರೆ ಅವಳು ತವರಿಲ್ಲದವಳ ಹಾಗೆ ಹೋದಂತೆ. ಮಲ್ಲಾರಿಯ ಹೆಂಡತಿ ಮುಕ್ತಾಬಾಯಿ ಪಂಚಮಿಗೆಂದು ನಾಗೂಗೆ ತೆಗೆದಿಟ್ಟಿದ್ದ ಸೀರೆ ಹಸಿರೇ ಇತ್ತು. ಅದನ್ನೇ ಟ್ರಂಕಿನಿಂದ ತೆಗೆದಳು. ಅದರ ಕೆಳಗೇ ಕಾಗದವಿತ್ತು. ಇಬ್ಬರ ಕಣ್ಣಿಗೂ ಬೀಳಲಿಲ್ಲ, ಬಿದ್ದಿದ್ದರೂ ಆ ಹೊತ್ತಿನಲ್ಲಿ ಬುದ್ಧಿಗೆ ಬೀಳುತ್ತಿರಲಿಲ್ಲ. ಸೀರೆ, ಹಸಿರು ಬಳೆ, ಅರಿಷಿಣ ಕುಂಕುಮದ ಪೊಟ್ಟಣ ಎಲ್ಲವನ್ನೂ ಯೂರಿಯಾದ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮಲ್ಲಾರಿ ಹೊಟ್ಟೆಗೆ ಕಟ್ಟಿಕೊಂಡ, ಮೇಲೆ ರೇನಕೋಟು. ರೈಲು ಹಿಡಿದರೆ ಹೊತ್ತು ಮುಳುಗುವುದರೊಳಗೆ ಮುಟ್ಟುವಂತಿರಲಿಲ್ಲ, ಆರಕ್ಕೆ ಗಾಡಿಯ ಮೇಲೆ ಹೊರಟ.

ಕರಾಡ, ಸಾತಾರಾ, ಘಟ್ಟ, ಪುಣೆ. ರಾಜದೂತಕ್ಕೆ ಐವತ್ತರ ಮೇಲೆ ಜೀವವಿಲ್ಲ. ಪೆಟ್ರೋಲಿಗೆ ಎಣ್ಣೆ ಬೆರೆಸಿ ಹಾಕಿಸಬೇಕು, ಐವತ್ತು ಮೈಲಿಗೊಮ್ಮೆ ನಿಲ್ಲಿಸಿ ಇಂಜಿನ್ನು ತಣಿಸಬೇಕು. ಪ್ರತಿ ಸಲ ನಿಲ್ಲಿಸಿದಾಗಲೂ ಅವನು ಹೊಟ್ಟೆಯ ಗಂಟು ಮುಟ್ಟಿ ನೋಡಿಕೊಂಡ. ಒಣಗೇ ಇತ್ತು. ಖಂಡಾಳಾ ಘಟ್ಟದಲ್ಲಿ ಮಳೆ, ಮಂಜು, ಮುಂದಿನ ಲಾರಿಯ ಕೆಂಪು ದೀಪ ಬಿಟ್ಟರೆ ಬೇರೇನೂ ಕಾಣಲಿಲ್ಲ. ಆದರೂ ಖಾಡಿಯ ಮೇಲಿನ ಉದ್ದ ಪೂಲು ದಾಟುವಾಗ ಐದಕ್ಕೆ ಹತ್ತು ನಿಮಿಷವಿತ್ತು. ಹೊತ್ತಿಗೆ ಮುಟ್ಟುತ್ತೇನೆ ಎಂದು ಅವನಿಗೆ ಆಗ ಅನ್ನಿಸಿತು.

ದೊಡ್ಡ ಪೂಲು ಐದೂ ಕಾಲಿಗೆ ಸಿಕ್ಕಿತು. ರಸ್ತೆ ಎದ್ದು ನಿಂತಂತೆ ಮೇಲಕ್ಕೆ ಹೋಗುತ್ತಿತ್ತು. ಹತ್ತುವ ಜಾಗದಲ್ಲಿ ಒಂದು ದುಂಡು ಹಲಗೆ. ಸುತ್ತ ಕೆಂಪು ಬಳೆ, ಒಳಗೆ ಮೋಟಾರ್ ಸೈಕಲ್ಲು, ಅದರ ಕೆಳಗೆ ಸೈಕಲ್ಲು ಮತ್ತು ಕೈಗಾಡಿಯ ಚಿತ್ರ. ಕೆಳಗೆ ಅವನಿಗೆ ಚೆನ್ನಾಗಿ ಓದಲು ಬರುವ ಅಕ್ಷರಗಳಲ್ಲಿ ಬರೆದಿತ್ತು. ದುಚಾಕಿ ವಾಹನಗಳಿಗೆ ಬಂದಿ, ಎಂದರೆ ಎರಡು ಗಾಲಿಯ ಗಾಡಿಗಳಿಗೆ ಬಂದ್.

ಮಲ್ಲಾರಿ ಬ್ರೇಕು ಹಾಕಿದ. ಅವನ ಪಕ್ಕದಿಂದ ಒಂದು ಸ್ಕೂಟರು ಸುಯ್ಯೆಂದು ಮೇಲೆ ಹೋಯಿತು. ಹಿಂದಿನಿಂದ ಟೆಂಪೋದವನು ಹಾರ್ನು ಹೊಡೆದು ತಲೆ ಹೊರಗೆ ಹಾಕಿದ.

"ಜಾ ಕೀ ರೇ ಬಾಬಾ. ಪಾವಸಾತ ಕೋಣ ಬಘತಂಯ."

ಹೋಗೋ ಮಾರಾಯ, ಮಳೆಯಲ್ಲಿ ಯಾರು ನೋಡುತ್ತಾರೆ ಎಂದು. ನಿಜವೇ. ಹವಾಲ್ದಾರ ಆಚೆ ಚಹಾದಂಗಡಿಯ ತಗಡಿನ ಕೆಳಗೆ ಬೆನ್ನು ಮಾಡಿ ನಿಂತಿದ್ದ. ಮುಂದಿನ ಗಾಲಿ ಬಿಳಿ ಗೆರೆಯ ಮೇಲೆ ಇತ್ತು. ಕ್ಲಚ್ಚು ಬಿಟ್ಟರೆ ಎರಡು ನಿಮಿಷದ ಕೆಲಸ.

ಯಾರ ತಲೆಯ ಮೇಲೆ ಕೈಯಿಟ್ಟಿದ್ದೆನೋ ಅವಳೇ ಇಲ್ಲ, ಇನ್ನು ಆಣೆ ಮುರಿದರೆ ಯಾರಿಗೆ ಏನಾಗುತ್ತದೆ ಎಂದು ಅವನ ಮನಸ್ಸು ವಾದ ಹೂಡಿತು. ವಾದ ಸರಿಯಾಗಿಯೇ ಇತ್ತು. ಆದರೆ ಅಂಗೈಯಲ್ಲಿ ಆ ನೆತ್ತಿಯ ಬಿಸಿ, ಎಣ್ಣೆ ಕಾಣದ ಆ ಕೂದಲು ಇನ್ನೂ ಇದ್ದವು. ಅವಳ ಕಾಲು ಮುರಿದವನು ಅವಳ ಹೆಣದ ಹತ್ತಿರ ಆಣೆ ಮುರಿದುಕೊಂಡು ಹೋಗಿ ನಿಲ್ಲುವುದು ಹೇಗೆ. ಅವನು ಗಾಡಿಯನ್ನು ಎಡಕ್ಕೆ ಹೊರಳಿಸಿ ಪೂಲಿನ ಕೆಳಗೆ ಇಳಿಸಿದ. ಆಗಲೇ ಅವನಿಗೆ ಬಸವಣ್ಣೆಪ್ಪ ಮಡಚಿದ ಮೂರನೆಯ ಹಾಳೆ ನೆನಪಾದದ್ದು. ಎಲ್ಲಿ ಹೊಳ್ಳಬೇಕು, ಎಲ್ಲಿ ಹೊಳ್ಳಬಾರದು. 

ಪೂಲಿನ ಕೆಳಗಿನ ಲೋಕವೇ ಬೇರೆ. ಕಂಬಗಳ ನಡುವೆ ಕಾಯಿಪಲ್ಯೆದವರು, ನಿಂತ ಲಾರಿಗಳು, ಮೊಳಕಾಲು ಕೆಸರು. ಆ ರಸ್ತೆ ಹೋಗಿ ರೈಲು ಹಳಿಗೆ ಮುಟ್ಟಿತು. ಅಲ್ಲಿ ರೈಲ್ವೆ ಗೇಟು, ಫಾಟಕ ಬಿದ್ದಿತ್ತು. ಸಂಜೆಯ ಹೊತ್ತು ಲೋಕಲ್ ಗಾಡಿಗಳು ಒಂದರ ಬೆನ್ನಿಗೆ ಒಂದು. ಈ ಕಡೆಯಿಂದ ಒಂದು ಹೋಯಿತು, ಆ ಕಡೆಯಿಂದ ಎರಡು ಬಂದವು. ಎದ್ದಿತೆನ್ನುವಷ್ಟರಲ್ಲಿ ಮುಂದಿದ್ದ ಹತ್ತಾರು ಗಾಡಿ ದಾಟಿದವು, ಮತ್ತೆ ಗಂಟೆ ಬಾರಿಸಿ ಫಾಟಕ ಬಿತ್ತು. ಮಲ್ಲಾರಿಯ ಮೂಗಿನ ಮುಂದೆ. ಅವನ ತಲೆಯ ಮೇಲೆ ಪೂಲು ಗಡಗಡ ಅನ್ನುತ್ತಿತ್ತು. ಮೇಲೆ ಹೋಗುವವರೆಲ್ಲ ಹೋಗುತ್ತಲೇ ಇದ್ದರು.

ಹಳಿ ದಾಟಿದಾಗ ಆರಕ್ಕೆ ಐದು. ಎದುರಿಗೆ ಪೇಟೆಯ ರಸ್ತೆ, ಅದರ ಬಾಯಲ್ಲೂ ಹಲಗೆ. ನಾಲ್ಕರಿಂದ ಎಂಟರವರೆಗೆ ದುಚಾಕಿಗೆ ಬಂದಿ. ಇಲ್ಲಿ ಹವಾಲ್ದಾರ ಎದುರಿಗೇ ನಿಂತಿದ್ದ, ಸೀಟಿ ಹೊಡೆದು ಬಲಕ್ಕೆ ಕೈ ತೋರಿಸಿದ. ಮಲ್ಲಾರಿ ಬಲಕ್ಕೆ ಸುತ್ತಿದ. ಯಾರನ್ನು ಕೇಳಿದರೂ ಒಂದೇ ಮಾತು. ಪೂಲು ಇಳಿದ ಮೇಲೆ ಮೊದಲನೆಯ ಎಡ. ಪಾನಂಗಡಿಯವನೂ ಅದನ್ನೇ ಹೇಳಿದ, ರಿಕ್ಷಾದವನೂ ಅದನ್ನೇ ಹೇಳಿದ. ಪೂಲು ಹತ್ತದವನಿಗೆ ಆ ಎಡ ಎಷ್ಟನೆಯದು ಎಂದು ಹೇಳುವವರು ಒಬ್ಬರೂ ಇರಲಿಲ್ಲ. ಅವನು ಮೊದಲು ಸಿಕ್ಕ ಎಡಕ್ಕೆ ಹೊರಳಿದ. ಕಾರ್ಖಾನೆಯ ಗೋಡೆ. ತಿರುಗಿ ಬಂದು ಎರಡನೆಯದಕ್ಕೆ ಹೊರಳಿದ. ಅದು ಒಂದು ಮೈಲಿ ಹೋಗಿ ಅವನನ್ನು ಮತ್ತೆ ಹಳಿಗೇ ತಂದು ನಿಲ್ಲಿಸಿತು. ಪೂಲು ಎಲ್ಲಿ ನೆಲ ಮುಟ್ಟುತ್ತದೆ ಎಂದು ಅವನು ಅದರ ಕಂಬಗಳನ್ನೇ ಹಿಡಿದುಕೊಂಡು ಕೊನೆಯವರೆಗೆ ಹೋದಾಗ ತಿಳಿದದ್ದು, ಮೇಲಿನಿಂದ ಮೊದಲನೆಯ ಎಡ ಕೆಳಗಿನಿಂದ ನಾಲ್ಕನೆಯದು.

ನೀರಿನ ಟಾಕಿ ಕಂಡಾಗ ಏಳಕ್ಕೆ ಹತ್ತು ನಿಮಿಷ.

ಖೋಲಿಯ ಬಾಗಿಲು ತೆರೆದಿತ್ತು. ನೆಲ ತೊಳೆದು ನಡುವೆ ಒಂದು ಹಣತೆ ಇಟ್ಟಿದ್ದರು. ಪಕ್ಕದ ಖೋಲಿಯ ಮುದುಕಿ, ನಿಪ್ಪಾಣಿ ಕಡೆಯ ಯಮುನಾಬಾಯಿ, ಹೊಸ್ತಿಲ ಬಳಿ ಕೂತಿದ್ದಳು. ಅವನ ಹೊಟ್ಟೆಯ ಗಂಟು ನೋಡಿ ಯಾರೆಂದು ಅವಳಿಗೆ ತಿಳಿಯಿತು.

"ಈಗಽ ಒಯ್ದರಪ್ಪಾ. ಆರೂ ಮುಕ್ಕಾಲ ತನಕ ಕಾದರು. ಹೊತ್ತ ಮುಳಗಾಕ ಬಂತು, ಹೆಣದ ಗಾಡಿಯವಾ ಇನ್ನ ನಿಲ್ಲೂದಿಲ್ಲ ಅಂದಾ."

"ಎಲ್ಲಿಗೆ ಒಯ್ದರವ್ವಾ?"

"ಪೂಲಿನ ಆಚೀಕಡೆ ಸ್ಮಶಾನ. ಪೂಲಿನ ಮ್ಯಾಲಿಂದ ಹೋದರು."

ಮಲ್ಲಾರಿ ತಿರುಗಿ ಪೂಲಿನ ಕಡೆ ನೋಡಿದ. ತಾನು ಕೆಳಗೆ ಕಂಬ ಹಿಡಿದುಕೊಂಡು ಈ ಕಡೆ ಬರುವಾಗ ಅವಳು ಮೇಲಿನಿಂದ ಆ ಕಡೆ ಹೋಗಿದ್ದಳು.

ಮತ್ತೆ ಕೆಳಗಿನ ದಾರಿ, ಮತ್ತೆ ಫಾಟಕ. ಸ್ಮಶಾನ ಮುಟ್ಟಿದಾಗ ಬೆಂಕಿ ಹಿಡಿದಾಗಿತ್ತು. ಊರಲ್ಲಾಗಿದ್ದರೆ ಮಣ್ಣು ಕೊಡುತ್ತಿದ್ದರು, ಒಂದು ಹಿಡಿ ಹಾಕಲಾದರೂ ಸಿಗುತ್ತಿತ್ತು. ಇಲ್ಲಿ ಕಟ್ಟಿಗೆಯ ನಡುವೆ ಅವಳ ಒಂದು ಬೆರಳೂ ಅವನಿಗೆ ಕಾಣಲಿಲ್ಲ. ಜೋತಿಬಾ ಬಂದು ಅವನ ತೋಳು ಹಿಡಿದ.

"ಮಾವಾ, ಇಷ್ಟ ತಡಾ..."

"ಪೂಲಿಗೆ ಗಾಡಿ ಬಿಡೂದಿಲ್ಲ ದಾಜಿ. ಬಂದ್ ಐತಿ."

ಜೋತಿಬಾ ಹಣೆ ಬಡಿದುಕೊಂಡ.

"ಆಕಿ ದಾರಿ ಬರದ ಕಳಿಸಿದ್ದಳಲ್ಲ, ಮಾವಾ. ಮೂರು ಐತವಾರ ನಡದಳು, ಆ ಕಾಲಿಲೆ. ನಾ ಬೈದೆ, ಪೂಲ ಇರೂವಾಗ ಯಾಕ ಹುಡಕ್ತಿ ಅಂತ. ನಮ್ಮಣ್ಣ ಪೂಲ ಹತ್ತೂದಿಲ್ಲ, ನಾ ಆಣಿ ಹಾಕ್ಸೇನಿ ಅಂದಳು. ನಾ ಮರತಬಿಟ್ಟಿದ್ದೆ. ಫೋನಿನ್ಯಾಗ ನನಗ ನೆನಪಽ ಆಗಲಿಲ್ಲ."

ಇಬ್ಬರಿಗೂ ನೆನಪಾಗಿರಲಿಲ್ಲ. ಒಬ್ಬ ಅಣ್ಣ, ಒಬ್ಬ ಗಂಡ. ಮಲ್ಲಾರಿ ಹೊಟ್ಟೆಯ ಗಂಟು ಬಿಚ್ಚಿದ. ಇಷ್ಟು ಮಳೆಯಲ್ಲೂ ಸೀರೆ ಒಂದು ಹನಿ ನೆನೆದಿರಲಿಲ್ಲ. ಅದನ್ನು ಚಿತೆಯ ಕಾಲಿನ ಕಡೆ, ಎಡಗಾಲು ಇದ್ದಿರಬಹುದಾದ ಕಡೆ ಹಾಕಿದ. ಒಣ ಬಟ್ಟೆ ಕೂಡಲೇ ಹೊತ್ತಿಕೊಂಡಿತು. ಆಗ ಅವನು ಅತ್ತ, ಗಂಡಸರು ಅಳಬಾರದ ಹಾಗೆ ಬಾಯಿಬಿಟ್ಟು ಅತ್ತ.

ಮೂರನೆಯ ದಿನದ ಕೆಲಸ ಮುಗಿಸಿ ಅವನು ಇಚಲಕರಂಜಿಗೆ ಮರಳಿದ್ದು ಪಂಚಮಿಯ ಹಿಂದಿನ ದಿನ. ಮನೆಗೆ ಬಂದು ನೀರು ಕುಡಿಯದೆ ಟ್ರಂಕು ತೆಗೆದ. ಕಾಗದ ಹಿಡಿದುಕೊಂಡು ಬಸವಣ್ಣೆಪ್ಪನ ಅಂಗಡಿಗೆ ಹೋದ. ಹಬ್ಬದ ಗಿರಾಕಿಗಳು ತುಂಬಿದ್ದರು. ಬಸವಣ್ಣೆಪ್ಪ ಅವನ ಮುಖ ನೋಡಿ ತಕ್ಕಡಿ ಕೆಳಗಿಟ್ಟ, ಅವನನ್ನು ಒಳಗೆ ಕರೆದು ಗೋಣಿಚೀಲದ ಮೇಲೆ ಕೂಡಿಸಿದ.

"ಮೂರನೇದು ಓದ್ರಿ ಸಾವಕಾರ್ರ."

ಬಸವಣ್ಣೆಪ್ಪ ಕನ್ನಡಕ ಹಾಕಿಕೊಂಡ.

"ಅಣ್ಣಾ, ಎಲ್ಲಾರೂ ನಿನಗ ದೊಡ್ಡ ಪೂಲ ಹತ್ತು ಅಂತಾರ, ಹತ್ತಬ್ಯಾಡ. ಅಲ್ಲಿ ಗಾಡಿಗೆ ಬಂದ್ ಅಂತ ಹಲಗಿ ಐತಿ. ಫಾಟಕಿಗೂ ಹೋಗಬ್ಯಾಡ, ಸಂಜೀಮುಂದ ಅದು ತೆರಿಯೂದಿಲ್ಲ. ಪೇಟಿ ರಸ್ತಾಕ್ಕೂ ನಾಕರ ಮ್ಯಾಲೆ ಬಿಡೂದಿಲ್ಲ. ಪೂಲಿನ ಮುಂಚೆ ಬಲಕ್ಕ ಒಂದು ಹೂವಿನ ಅಂಗಡಿ ಐತಿ. ಅದರ ಬಾಜೂಕ ಸಂದಿ. ಸಂದಿ ಮುಂದ ಹಳಿ ಕೆಳಗ ಮೋರಿ ಐತಿ. ಸಣ್ಣದು, ಮೋಟಾರ್ ಹಿಡಿಯೂದಿಲ್ಲ, ನಿನ್ನ ಗಾಡಿ ಹಿಡೀತೈತಿ. ಸೈಕಲ್ಲಿನವರು ಹೋಗೂದ ನೋಡೇನಿ. ತಲಿ ಬಗ್ಗಿಸು. ಮಳಿ ಇದ್ದರ ನೀರ ನಿಂತಿರತೈತಿ, ಹಿಮ್ಮಡಕ್ಕಿಂತ ಹೆಚ್ಚ ಇಲ್ಲ, ನಾ ಇಳದು ನೋಡೇನಿ, ಕೆಳಗ ಫರಸಿ ಐತಿ, ಕಲ್ಲ ಕಿತ್ತಿಲ್ಲ. ದಾಟಿದ ಕೂಡ್ಲೆ ಟಾಕಿ ಕಾಣ್ತೈತಿ. ಎಲ್ಲೂ ಹಲಗಿ ಇಲ್ಲ. ಮೂರು ಸಲ ನೋಡೇನಿ. ನನ್ನ ನಡಿಗಿಗೆ ಅರ್ಧಾ ತಾಸು, ನಿನ್ನ ಗಾಡಿಗೆ ಐದು ನಿಮಿಷ. ಬಾ."

ಅಂಗಡಿಯಲ್ಲಿ ಯಾರೋ ಹಬ್ಬಕ್ಕೆ ಅರಳು ಹುರಿಯಲು ಅಳ್ಳಿನ ಜೋಳ ಕೇಳುತ್ತಿದ್ದರು. ಬಸವಣ್ಣೆಪ್ಪ ಕನ್ನಡಕ ತೆಗೆದು ಒರೆಸಿಕೊಂಡ.

"ಅವತ್ತಽ ಓದಿಬಿಡಬೇಕಾಗಿತ್ತು ನಾನು" ಎಂದ.

"ನಾನಽ ಕೇಳಬೇಕಾಗಿತ್ರಿ."

ಮಲ್ಲಾರಿ ಜೇಬಿನಿಂದ ಮಗ್ಗದ ರಿಪೇರಿಯ ಹಳೆಯ ಚೀಟಿಯೊಂದನ್ನು ತೆಗೆದು ಬೆನ್ನು ಮಗ್ಗುಲು ತಿರುಗಿಸಿ ಮೊಳಕಾಲ ಮೇಲಿಟ್ಟುಕೊಂಡ. ಇನ್ನೊಂದು ಸಲ ಸಾವಕಾಶ ಓದಿರೆಂದು ಕೇಳಿಕೊಂಡ. ಬಸವಣ್ಣೆಪ್ಪ ಒಂದೊಂದೇ ಮಾತು ಓದಿದ, ಮಲ್ಲಾರಿ ಒಂದೊಂದೇ ಮಾತನ್ನು ತನಗೆ ಬರುವ ಮರಾಠಿ ಅಕ್ಷರಗಳಲ್ಲಿ ಬರೆದುಕೊಂಡ. ಹೂವಿನ ಅಂಗಡಿ, ಸಂದಿ, ಮೋರಿ, ಹಿಮ್ಮಡದ ನೀರು. ಕೊನೆಯ 'ಬಾ' ಕೂಡ ಬಿಡದೆ ಬರೆದ. ಮರುದಿನ ಪಂಚಮಿಯ ಬೆಳಿಗ್ಗೆ ಗಾಡಿಗೆ ಎಣ್ಣೆ ಪೆಟ್ರೋಲು ಹಾಕಿಸಿ ಅವನು ಮತ್ತೆ ಮುಂಬಯಿಗೆ ಹೊರಟ, ಸಂಜೆ ಹೂವಿನ ಅಂಗಡಿಯ ಬಳಿ ಬಲಕ್ಕೆ ಹೊರಳಿ, ತಲೆ ಬಗ್ಗಿಸಿ ಮೋರಿ ದಾಟಿ, ಐದು ನಿಮಿಷದಲ್ಲಿ ತಂಗಿಯ ಬಾಗಿಲ ಮುಂದೆ ಗಾಡಿ ನಿಲ್ಲಿಸಿದ.